‘ಯಾರು ಸರಿ?’ ಎಂಬ ಪ್ರಶ್ನೆಯ ಬದಲಿಗೆ: ಒಂದು ಕಥೆ, ಎರಡು ಪಾಠ

ಕವಿತೆಗೆ ಒಂದೇ ಅರ್ಥವಿರುವುದಿಲ್ಲ ಎಂದು ಕನ್ನಡ ಬೋಧನಾ ವಿಧಾನದ ತರಗತಿಯಲ್ಲಿ ನಾವು ಹೇಳುತ್ತೇವೆ. ಅಭ್ಯಾಸ ಬೋಧನೆಗೆ ಹೋದ ಪ್ರಶಿಕ್ಷಣಾರ್ಥಿ ಅದನ್ನೇ ಮಕ್ಕಳಿಗೆ ಹೇಳುತ್ತಾರೆ. ಮಕ್ಕಳು ಅದರಿಂದ ಏನು ತಿಳಿದುಕೊಳ್ಳುತ್ತಾರೆ ಎಂಬುದು ಉತ್ತರ ಪತ್ರಿಕೆ ತಿದ್ದುವಾಗ ಗೊತ್ತಾಗುತ್ತದೆ. ಕೆಲವರು ‘ಯಾರಿಗೆ ಹೇಗೆ ತೋಚುತ್ತದೋ ಅದೇ ಅರ್ಥ’ ಎಂದು ಬರೆದಿರುತ್ತಾರೆ. ಉಳಿದವರು ಮಾರ್ಗದರ್ಶಿಯಲ್ಲಿ ಇದ್ದ ಸಾರಾಂಶವನ್ನು ಹಾಗೆಯೇ ಇಳಿಸಿರುತ್ತಾರೆ. ಇವೆರಡರ ನಡುವೆ ಒಂದು ದಾರಿ ಇದೆ. ಅದನ್ನು ತೋರಿಸಲು ಕವಿತೆಯ ಅರ್ಥಕ್ಕಾಗಿಯೇ ಜಗಳವಾಡುವ ಒಂದು ಕಥೆ ಬೇಕೆನಿಸಿತು. ಹುಡುಕಿದಾಗ ಒಂಬತ್ತನೆಯ ತರಗತಿಗೆ ಹೊಂದುವಂಥದ್ದು ಕೈಗೆ ಸಿಗಲಿಲ್ಲ. ಹಾಗಾಗಿ ಎರಡು ಪುಟದ ಕಥೆಯೊಂದನ್ನು ನಾನೇ ಬರೆದೆ. ಅದನ್ನು ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ಒಂದೇ ಶಾಲೆಯ ಎರಡು ವಿಭಾಗಗಳಲ್ಲಿ ಎರಡು ರೀತಿಯಲ್ಲಿ ಪಾಠ ಮಾಡಿದರು. ಹಿಂದಿನ ಬೆಂಚಿನಲ್ಲಿ ಅವಲೋಕನ ಪತ್ರ ಹಿಡಿದು ಕುಳಿತು ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಥೆ. ಹುಬ್ಬಳ್ಳಿಯ ರೈಲ್ವೆ ಕಚೇರಿಯಲ್ಲಿ ಗುಮಾಸ್ತರಾಗಿದ್ದ ತಂದೆ ತೀರಿಕೊಂಡು ವರ್ಷವಾಗಲು ಎಂಟು ದಿನ ಇದೆ. ಬೆಳಗಾವಿಯಿಂದ ಅಕ್ಕ ಬಂದಿದ್ದಾಳೆ. ವರ್ಷಾಂತಿಕದ ಸಂಜೆ ಓಣಿಯವರು, ತಂದೆಯ ಗೆಳೆಯರು ಸೇರುತ್ತಾರೆ. ಆಗ ಅಪ್ಪನಿಗೆ ಪ್ರೀತಿಯಾಗಿದ್ದ ಹಾಡನ್ನು ಹಾಡಿಸಬೇಕು ಎಂದು ತಮ್ಮ ಹಾರ್ಮೋನಿಯಂ ನುಡಿಸುವವರಿಗೂ ಹೇಳಿಬಿಟ್ಟಿದ್ದಾನೆ. ಹಾಡು ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ ನನ್ನ’. ಅಕ್ಕ ಬೇಡವೇ ಬೇಡ ಎನ್ನುತ್ತಾಳೆ.

“ಅಪ್ಪಗ ಈ ಹಾಡಂದ್ರ ಜೀವ. ಐತವಾರ ಸಂಜೀಕ ಅವ್ವ ಚಾ ತಂದಿಟ್ರ ಸಾಕು, ಸುರು ಮಾಡ್ತಿದ್ದ. ಅವ್ವ ನಾಚಿ ಒಳಗ ಓಡ್ತಿದ್ಲು. ಇದು ಅವರಿಬ್ಬರ ಪ್ರೀತಿ ಹಾಡು ಅಕ್ಕ.”

“ನಾಚಿ ಓಡ್ತಿದ್ಲು ಅಂತ ಪಡಸಾಲ್ಯಾಗ ಕುಂತ ನೀ ತಿಳಕೊಂಡಿ. ನಾ ಅಡಿಗಿ ಮನ್ಯಾಗ ಇರ್ತಿದ್ದೆ. ಅಕಿ ಒಲಿ ಮುಂದ ಕುಂತು ಕಣ್ಣು ಒರಸಿಕೊಳ್ತಿದ್ಲು. ಇದು ಪ್ರೀತಿ ಹಾಡಲ್ಲೋ ತಮ್ಮ. ಬೇಂದ್ರೆಯವ್ರು ಕೂಸು ಹೋದಾಗ ಬರದದ್ದು.”

“ಬೇಂದ್ರೆಯವರ ಮನ್ಯಾಗ ಆದದ್ದು ನಮ್ಮ ಮನಿಗ್ಯಾಕ ಹಚ್ಚತಿ?”

“ನಮ್ಮ ಮನ್ಯಾಗೂ ಆಗೇದ.”

ಅಕ್ಕನಿಗೂ ತಮ್ಮನಿಗೂ ನಡುವೆ ಒಂದು ಕೂಸು ಹುಟ್ಟಿ ವರ್ಷ ತುಂಬುವ ಮೊದಲೇ ಹೋಗಿತ್ತು. ಆಗ ಅಕ್ಕನಿಗೆ ಏಳು ವರ್ಷ. ತಮ್ಮ ಇನ್ನೂ ಹುಟ್ಟಿರಲಿಲ್ಲ. ಅವನಿಗೆ ಯಾರೂ ಹೇಳಿರಲಿಲ್ಲ. ಈಗ ಅವನ ಸಿಟ್ಟು ಹಾಡಿನಿಂದ ಬೇರೆ ಕಡೆಗೆ ತಿರುಗುತ್ತದೆ: “ಇಷ್ಟು ವರ್ಷ ನನಗ್ಯಾಕ ಮುಚ್ಚಿಟ್ರಿ?” ಅಕ್ಕ ಟ್ರಂಕಿನಿಂದ ಅಪ್ಪನ ಹಳೆಯ ಲೆಡ್ಜರ್ ತೆಗೆಯುತ್ತಾಳೆ. ಅದರಲ್ಲಿ ಅಪ್ಪ ತನಗೆ ಬೇಕಾದ ಹಾಡುಗಳನ್ನು ಬರೆದುಕೊಂಡಿದ್ದಾನೆ. ಈ ಹಾಡೂ ಇದೆ. ಆದರೆ ಕೊನೆಯ ಭಾಗ ಇಲ್ಲ. ಅಳುವನ್ನು ನಗುವಿನಲ್ಲಿ ಮರೆಸಬೇಡ, ಅತ್ತುಬಿಡು ಎಂದು ಗಂಡ ಹೆಂಡತಿಗೆ ಹೇಳುವ ಭಾಗ ಅದು. “ಆ ಮಾತು ಅವ್ವಗ ಹೇಳೂದು ಅಪ್ಪನ ಕೈಲೆ ಆಗ್ಲಿಲ್ಲ, ಅದಕ್ಕ ಬರದಿಲ್ಲ” ಎನ್ನುತ್ತಾಳೆ ಅಕ್ಕ. “ರೇಡಿಯೋದಾಗ ಕೇಳಿ ಬರಕೊಂಡಾನ, ಅವ್ರು ಅಷ್ಟಕ್ಕ ಮುಗಿಸಿರಬೇಕು” ಎನ್ನುತ್ತಾನೆ ತಮ್ಮ. ಒಳಗಿನಿಂದ ಎಲ್ಲವನ್ನೂ ಕೇಳುತ್ತಿದ್ದ ತಾಯಿ ಬಾಗಿಲಿಗೆ ಬಂದು ನಿಲ್ಲುತ್ತಾಳೆ. “ಹಾಡಸೂದಾದ್ರ ಪೂರ್ತಿ ಹಾಡಸ್ರಿ” ಎಂದು ಹೇಳಿ ಒಳಗೆ ಹೋಗುತ್ತಾಳೆ. ಕಥೆ ಅಲ್ಲಿಗೆ ಮುಗಿಯುತ್ತದೆ.

ಈ ಕವಿತೆಯನ್ನೇ ಆರಿಸಲು ಕಾರಣವಿದೆ. ಬೇಂದ್ರೆಯವರು ಇದನ್ನು ತಮ್ಮ ಮಗುವಿನ ಸಾವಿನ ದುಃಖದಲ್ಲಿ ಬರೆದರು ಎಂಬುದು ಕನ್ನಡ ಓದುಗರಿಗೆ ತಿಳಿದ ವಿಷಯ. ಆದರೂ ಭಾವಗೀತೆಯಾಗಿ ಕೇಳುವ ಎಷ್ಟೋ ಜನರಿಗೆ ಇದು ಪ್ರೇಮಗೀತೆ. ಪಲ್ಲವಿ ಮಾತ್ರ ಕಿವಿಯಲ್ಲಿ ಉಳಿದವರಿಗೆ ಹಾಗೆ ಕೇಳಿಸುವುದು ಸಹಜವೇ. ಹೀಗೆ ನಿಜವಾಗಿಯೂ ಎರಡು ರೀತಿ ಕೇಳಿಸಿಕೊಂಡು ಬಂದಿರುವ ಹಾಡಾದ್ದರಿಂದ ಅಕ್ಕ ತಮ್ಮಂದಿರ ಜಗಳ ಕೃತಕವಾಗುವುದಿಲ್ಲ.

ಮೊದಲ ವಿಭಾಗದ ಪಾಠಯೋಜನೆ ನಮಗೆಲ್ಲ ಪರಿಚಿತವಾದ ಹಾದಿಯಲ್ಲೇ ಇತ್ತು. ಪೀಠಿಕೆಯಲ್ಲಿ ಕವಿಪರಿಚಯ: ಧಾರವಾಡದ ಸಾಧನಕೇರಿ, ಅಂಬಿಕಾತನಯದತ್ತ ಎಂಬ ಕಾವ್ಯನಾಮ, ಜ್ಞಾನಪೀಠ ಪ್ರಶಸ್ತಿ, ಈ ಕವಿತೆಯ ಹಿನ್ನೆಲೆಯ ದುಃಖ. ಅನಂತರ ಕಥೆಯ ವಾಚನ. ಆಮೇಲೆ ಮುಖ್ಯ ಪ್ರಶ್ನೆ: “ಅಕ್ಕ, ತಮ್ಮ ಇಬ್ಬರಲ್ಲಿ ಯಾರು ಸರಿ?” ಕೈಗಳು ಎದ್ದವು. ಬಹುತೇಕ ಎಲ್ಲರೂ ಅಕ್ಕನ ಕಡೆ. ಯಾಕೆ ಎಂದು ಕೇಳಿದರೆ ಒಂದೇ ಉತ್ತರ: “ಬೇಂದ್ರೆಯವರು ಹಾಗೇ ಬರ್ದಿದ್ದು ಅಂತ ನೀವೇ ಹೇಳಿದ್ರಲ್ಲ ಮಿಸ್.” ತಮ್ಮನ ಪರವಾಗಿ ಎದ್ದ ಇಬ್ಬರು ಹುಡುಗರು ಅಕ್ಕಪಕ್ಕ ನೋಡಿ ಕೈ ಇಳಿಸಿದರು. ಇಪ್ಪತ್ತೆಂಟನೆಯ ನಿಮಿಷಕ್ಕೆ ಚರ್ಚೆ ಮುಗಿಯಿತು. ಉಳಿದ ಹದಿನೇಳು ನಿಮಿಷ ಪದಗಳ ಅರ್ಥ, ವಿರುದ್ಧ ಪದ, ಸ್ವಂತ ವಾಕ್ಯಗಳಿಗೆ ಹೋಯಿತು.

ಆ ಪಾಠದಲ್ಲಿ ಶಿಸ್ತು ಇತ್ತು, ಧ್ವನಿ ಸ್ಪಷ್ಟವಾಗಿತ್ತು, ಕಪ್ಪುಹಲಗೆಯ ಬರಹ ಅಚ್ಚುಕಟ್ಟಾಗಿತ್ತು. ಸಾಮಾನ್ಯ ಅವಲೋಕನ ಪತ್ರದಲ್ಲಿ ಒಳ್ಳೆಯ ಅಂಕ ಸಿಗುವ ಪಾಠ ಅದು. ಆದರೆ ಚರ್ಚೆ ನಡೆದಿಲ್ಲ ಎಂಬುದಕ್ಕೆ ಹಿಂದಿನ ಬೆಂಚಿನಲ್ಲಿ ಎರಡು ಗುರುತುಗಳು ಕಾಣುತ್ತಿದ್ದವು. ಒಂದು, ಪ್ರಶ್ನೆ ಕೇಳಿದ ಮೇಲೆ ಒಂದು ಮಗುವೂ ಕಥೆಯ ಹಾಳೆಯನ್ನು ತಿರುವಿ ನೋಡಲಿಲ್ಲ. ಎರಡು, ಯಾವ ಮಗುವೂ ಇನ್ನೊಂದು ಮಗುವಿನ ಮಾತಿಗೆ ಮಾತು ಸೇರಿಸಲಿಲ್ಲ. ಎಲ್ಲ ಉತ್ತರಗಳೂ ಶಿಕ್ಷಕಿಯ ಕಡೆಗೇ ಹೋದವು. ಕವಿಯ ಬದುಕಿನ ಸಂಗತಿ ಮೊದಲೇ ಬಂದಿದ್ದರಿಂದ ಅದು ತೀರ್ಪಿನಂತೆ ಕೆಲಸ ಮಾಡಿತ್ತು. ತೀರ್ಪು ಬಂದ ಮೇಲೆ ವಾದಕ್ಕೆ ಏನು ಉಳಿಯುತ್ತದೆ?

ಪಾಠದ ನಂತರ ಸಿಬ್ಬಂದಿ ಕೊಠಡಿಯಲ್ಲಿ ಕುಳಿತು ನಾನೂ ಆ ಪ್ರಶಿಕ್ಷಣಾರ್ಥಿಯೂ ಒಂದು ಕೆಲಸ ಮಾಡಿದೆವು. ಕಥೆಯೊಳಗೆ ಅಕ್ಕ ತಮ್ಮ ಆಡುವ ಮಾತುಗಳನ್ನು ಒಂದೊಂದಾಗಿ ಬಿಡಿಸಿ ಬರೆದು, ಪ್ರತಿ ಮಾತಿನ ಮುಂದೆ ‘ಇದು ನಿಜವೇ ಎಂದು ತಿಳಿಯಲು ಎಲ್ಲಿ ನೋಡಬೇಕು?’ ಎಂದು ಕೇಳಿಕೊಂಡೆವು. ಕೆಲವಕ್ಕೆ ಕವಿತೆಯನ್ನೇ ನೋಡಬೇಕು. ಕೆಲವಕ್ಕೆ ಬೇಂದ್ರೆಯವರ ಬದುಕನ್ನು ನೋಡಬೇಕು. ಕೆಲವಕ್ಕೆ ಆ ಮನೆಯೊಳಗೇ ನೋಡಬೇಕು. ಒಂದೇ ಜಗಳದಲ್ಲಿ ಮೂರು ಪ್ರಶ್ನೆಗಳು ಸೇರಿಕೊಂಡಿದ್ದವು: ಕವಿತೆ ಏನು ಹೇಳುತ್ತದೆ, ಕವಿ ಯಾವಾಗ ಯಾಕೆ ಬರೆದ, ಅಪ್ಪನಿಗೆ ಆ ಹಾಡು ಏನಾಗಿತ್ತು. ‘ಯಾರು ಸರಿ?’ ಎಂದು ಕೇಳಿದರೆ ಈ ಮೂರೂ ಗಂಟಾಗುತ್ತವೆ. ಎರಡನೆಯ ವಿಭಾಗದ ಪಾಠವನ್ನು ಈ ಗಂಟು ಬಿಡಿಸುವುದಕ್ಕೆಂದೇ ಯೋಜಿಸಿದೆವು.

ನಲವತ್ತೈದು ನಿಮಿಷವನ್ನು ಹೀಗೆ ಹಂಚಿಕೊಂಡೆವು. ಪೀಠಿಕೆಗೆ ಐದು ನಿಮಿಷ, ಅದರಲ್ಲಿ ಕವಿಪರಿಚಯ ಇಲ್ಲ. ಕಥೆಯ ವಾಚನಕ್ಕೆ ಹನ್ನೆರಡು. ಅಕ್ಕ, ತಮ್ಮ, ತಾಯಿಯ ಮಾತುಗಳನ್ನು ಮೂವರು ಮಕ್ಕಳು ಓದುತ್ತಾರೆ. ಮಾತುಗಳನ್ನು ವಿಂಗಡಿಸಲು ಹತ್ತು. ಆಮೇಲೆ ಮಾತ್ರ ಕವಿತೆಯ ಪೂರ್ಣ ಪಾಠ ಮಕ್ಕಳ ಕೈಗೆ, ಅದಕ್ಕೆ ಹತ್ತು. ಕೊನೆಯ ಎಂಟು ನಿಮಿಷ ಬರವಣಿಗೆ. ಕವಿತೆಯ ಧಾರವಾಡದ ನುಡಿ ದಕ್ಷಿಣದ ಮಕ್ಕಳಿಗೆ ತುಸು ಕಷ್ಟ. ಆದ್ದರಿಂದ ಹಾಳೆಯ ಅಂಚಿನಲ್ಲಿ ಏಳೆಂಟು ಪದಗಳಿಗೆ ಅರ್ಥ ಕೊಟ್ಟಿದ್ದೆವು.

ಕಪ್ಪುಹಲಗೆಯ ಮೇಲೆ ಮೂರು ಕಲಮುಗಳು: ‘ಕವಿತೆಯಲ್ಲಿ’, ‘ಕವಿಯ ಬದುಕಿನಲ್ಲಿ’, ‘ಅಪ್ಪನ ಮನೆಯಲ್ಲಿ’. ಕಥೆಯ ಆರು ಮಾತುಗಳನ್ನು ಆರು ಚೀಟಿಗಳಲ್ಲಿ ಬರೆದಿತ್ತು. ಮಕ್ಕಳು ಬಂದು ಒಂದೊಂದನ್ನು ಯಾವ ಕಲಮಿಗೆ ಸೇರುತ್ತದೆ ಎಂದು ಹೇಳಿ ಅಂಟಿಸಬೇಕು. ‘ಅಪ್ಪ ಐತವಾರ ಅವ್ವನ ಮುಂದೆ ಹಾಡುತ್ತಿದ್ದ’ ಎಂಬುದು ಮೂರನೆಯ ಕಲಮಿಗೆ ಸುಲಭವಾಗಿ ಹೋಯಿತು. ‘ಅವ್ವ ಒಲೆಯ ಮುಂದೆ ಕಣ್ಣು ಒರೆಸಿಕೊಳ್ಳುತ್ತಿದ್ದಳು’, ‘ಲೆಡ್ಜರಿನಲ್ಲಿ ಕೊನೆಯ ಭಾಗ ಇಲ್ಲ’ ಎಂಬುವೂ ಅಲ್ಲಿಗೇ ಹೋದವು. ‘ಬೇಂದ್ರೆಯವರು ಕೂಸು ಹೋದಾಗ ಬರೆದದ್ದು’ ಎರಡನೆಯದಕ್ಕೆ. ‘ಇದು ಪ್ರೀತಿಯ ಹಾಡು’ ಎಂಬ ಚೀಟಿ ಹಿಡಿದ ಹುಡುಗ ಮೊದಲನೆಯ ಕಲಮಿನ ಮುಂದೆ ಸ್ವಲ್ಪ ಹೊತ್ತು ನಿಂತ. “ಮಿಸ್, ಇದನ್ನ ಹೇಳ್ಬೇಕಾದ್ರೆ ತಮ್ಮ ಕವಿತೆ ನೋಡೇ ಇಲ್ಲ. ಅಪ್ಪ ಹಾಡಿದ್ದು ಮಾತ್ರ ನೋಡಿದಾನೆ. ಆದ್ರೆ ಮಾತು ಕವಿತೆ ಬಗ್ಗೆ.” ಚೀಟಿಯನ್ನು ಮೊದಲ ಕಲಮಿಗೇ ಅಂಟಿಸಿದ, ಆದರೆ ಮೂರನೆಯ ಕಲಮಿನಿಂದ ಅಲ್ಲಿಗೆ ಒಂದು ಬಾಣದ ಗುರುತು ಎಳೆದ.

ಕೊನೆಯ ಚೀಟಿ ‘ಅಪ್ಪ ಸತ್ತ ಕೂಸನ್ನು ನೆನೆದು ಹಾಡುತ್ತಿದ್ದ’ ಎಂಬುದು. ಅದು ಮೂರನೆಯ ಕಲಮಿಗೆ ಸೇರಬೇಕು ಎಂಬುದರಲ್ಲಿ ಅನುಮಾನವಿರಲಿಲ್ಲ. ಆದರೆ ಬಾಣದ ಗುರುತು ಈಗಾಗಲೇ ಹಲಗೆಯ ಮೇಲೆ ಇದ್ದದ್ದರಿಂದ ಒಬ್ಬ ಹುಡುಗಿ ಎದ್ದು ಎರಡನೆಯ ಕಲಮಿನಿಂದ ಮೂರನೆಯದಕ್ಕೆ ಇನ್ನೊಂದು ಬಾಣ ಎಳೆದಳು. “ಬೇಂದ್ರೆ ಅದಕ್ಕೆ ಬರ್ದ್ರು ಅಂತ, ಅಪ್ಪನೂ ಅದಕ್ಕೇ ಹಾಡಿದ್ರು ಅಂತ ಅಕ್ಕ ಹೇಳ್ತಿದಾಳೆ.”

ಪಾಠದ ತಿರುಳು ಈ ಎರಡು ಬಾಣಗಳಲ್ಲಿತ್ತು. ತಮ್ಮ ಅಪ್ಪನ ಮನೆಯಿಂದ ಕವಿತೆಗೆ ಜಿಗಿಯುತ್ತಾನೆ: ಅಪ್ಪ ಪ್ರೀತಿಯಿಂದ ಹಾಡಿದ, ಆದ್ದರಿಂದ ಇದು ಪ್ರೀತಿಯ ಹಾಡು. ಅಕ್ಕ ಕವಿಯ ಬದುಕಿನಿಂದ ಅಪ್ಪನ ಮನಸ್ಸಿಗೆ ಜಿಗಿಯುತ್ತಾಳೆ: ಕವಿ ದುಃಖದಲ್ಲಿ ಬರೆದ, ಆದ್ದರಿಂದ ಅಪ್ಪನೂ ದುಃಖದಲ್ಲೇ ಹಾಡಿದ. ಎರಡು ಜಿಗಿತಗಳೂ ಒಂದೇ ಬಗೆಯವು. ದಿಕ್ಕು ಮಾತ್ರ ಬೇರೆ. ಜಗಳ ಕಾವೇರಿದ ಹೊತ್ತಿನಲ್ಲಿ ಇಬ್ಬರೂ ಕವಿತೆಯನ್ನು ತೆರೆದೇ ನೋಡಿರಲಿಲ್ಲ ಎಂಬುದನ್ನೂ ಮಕ್ಕಳು ಗಮನಿಸಿದರು. ಲೆಡ್ಜರ್ ಹೊರಗೆ ಬಂದಾಗಲೂ ಅವರು ನೋಡಿದ್ದು ಅಪ್ಪನ ಕೈಬರಹವನ್ನು.

ಆಗ ಕವಿತೆಯ ಹಾಳೆಗಳನ್ನು ಹಂಚಲಾಯಿತು. ಪ್ರಶಿಕ್ಷಣಾರ್ಥಿ ಒಮ್ಮೆ ನಿಧಾನವಾಗಿ ಓದಿ, ಹಾಡದೆ, ಎರಡು ಪ್ರಶ್ನೆಗಳನ್ನು ಮಾತ್ರ ಕೇಳಿದರು. ಇಲ್ಲಿ ಮಾತಾಡುತ್ತಿರುವವರು ಯಾರು, ಯಾರಿಗೆ? ದುಃಖ ಇದೆ ಎನ್ನುವುದಾದರೆ ಯಾವ ಸಾಲಿನಲ್ಲಿ? ಗಂಡ ಹೆಂಡತಿಗೆ ಹೇಳುತ್ತಿದ್ದಾನೆ ಎಂದು ಮಕ್ಕಳು ಬೇಗ ಕಂಡುಕೊಂಡರು. ಎರಡನೆಯದಕ್ಕೆ ಹಾಳೆಯ ಮೇಲೆ ಬೆರಳು ಓಡಾಡಿದವು. ಮಲಗಿರುವ ಕೂಸಿನ ಪ್ರಸ್ತಾಪಕ್ಕೆ ಒಬ್ಬಳು ಗೆರೆ ಎಳೆದಳು. ಹಗಲಿನ ಆಕಾಶದಲ್ಲಿ ತೇಲುವ ಚಂದ್ರನನ್ನು ಶವಕ್ಕೆ ಹೋಲಿಸಿದ ಕಡೆಗೆ ಇನ್ನೊಬ್ಬ ಗೆರೆ ಎಳೆದ. ಅಳುವನ್ನು ತಡೆಯಬೇಡ ಎಂಬ ಕೊನೆಯ ಭಾಗಕ್ಕೆ ಹಲವರು ಗುರುತು ಹಾಕಿದರು. ಕವಿಯ ಬದುಕಿನ ಸಂಗತಿ ಏನೂ ತಿಳಿಯದಿದ್ದರೂ, ಇದು ಬರಿಯ ಸರಸದ ಹಾಡಲ್ಲ ಎನ್ನಲು ಇಷ್ಟು ಸಾಕು. ಹಾಗೆಯೇ ‘ಪ್ರೀತಿ ಹಾಡಲ್ಲ’ ಎಂಬ ಅಕ್ಕನ ಮಾತೂ ಇಲ್ಲಿ ನಿಲ್ಲುವುದಿಲ್ಲ. ಹೆಂಡತಿಯ ನೋಟವನ್ನು ಎದುರಿಸಲಾರದೆ ಒದ್ದಾಡುವ, ಅವಳ ತುಟಿ ಕಣ್ಣುಗಳು ಹೇಗಿದ್ದವು ಹೇಗಾದವು ಎಂದು ನೋಡಿ ಬೆಚ್ಚುವ ಗಂಡನಲ್ಲಿ ಪ್ರೀತಿ ಇಲ್ಲ ಎನ್ನುವುದು ಹೇಗೆ?

ಈ ಹಂತದಲ್ಲಿ ಪ್ರಶಿಕ್ಷಣಾರ್ಥಿಗಳಿಗೆ ಒಂದು ಆಸೆ ಹುಟ್ಟುತ್ತದೆ. ‘ಹಾಗಾದರೆ ಇಬ್ಬರೂ ಸರಿ’ ಎಂದು ಹೇಳಿ ಗಂಟೆ ಬಾರಿಸುವ ಮೊದಲು ಪಾಠ ಮುಗಿಸಿಬಿಡುವ ಆಸೆ. ಅದನ್ನು ತಡೆಯಬೇಕು. ಇಬ್ಬರೂ ಸರಿಯಲ್ಲ. ‘ಪ್ರೀತಿ ಹಾಡು, ಅಷ್ಟೆ’ ಎಂಬ ತಮ್ಮನ ಮಾತನ್ನು ಕವಿತೆಯ ಸಾಲುಗಳೇ ಅಲ್ಲಗಳೆಯುತ್ತವೆ. ‘ಪ್ರೀತಿ ಹಾಡೇ ಅಲ್ಲ’ ಎಂಬ ಅಕ್ಕನ ಮಾತನ್ನೂ ಅಲ್ಲಗಳೆಯುತ್ತವೆ. ಮೊದಲ ಕಲಮಿನಲ್ಲಿ ತಪ್ಪು ಎನ್ನಬಹುದಾದ ಮಾತುಗಳಿವೆ, ಹಾಗೆನ್ನಲು ಸಾಲುಗಳ ಆಧಾರವೂ ಇದೆ. ಆದರೆ ‘ಅಪ್ಪನಿಗೆ ಇದು ಏನಾಗಿತ್ತು’ ಎಂಬುದನ್ನು ಕವಿತೆಯಿಂದ ತೀರ್ಮಾನಿಸಲು ಆಗುವುದಿಲ್ಲ. ಈ ವ್ಯತ್ಯಾಸ ಮಕ್ಕಳಿಗೆ ತಿಳಿದರೆ ‘ಯಾರಿಗೆ ಹೇಗೆ ತೋಚುತ್ತದೋ ಹಾಗೆ’ ಎಂಬ ಉತ್ತರ ತಾನಾಗಿಯೇ ಬಿದ್ದುಹೋಗುತ್ತದೆ.

ನಮ್ಮ ಕಾವ್ಯಮೀಮಾಂಸೆಗೆ ಇದು ಹೊಸತಲ್ಲ. ಮಾತಿನ ವಾಚ್ಯಾರ್ಥ ಒಂದೇ ಇದ್ದರೂ, ಹೇಳುವವರು ಯಾರು, ಕೇಳುವವರು ಯಾರು, ಸಂದರ್ಭ, ದೇಶ, ಕಾಲ ಯಾವುದು ಎಂಬುದರಿಂದ ಧ್ವನಿ ಬದಲಾಗುತ್ತದೆ ಎಂದು ಮಮ್ಮಟ ಕಾವ್ಯಪ್ರಕಾಶದಲ್ಲಿ ಪಟ್ಟಿಯನ್ನೇ ಕೊಡುತ್ತಾನೆ. ಸೂರ್ಯ ಮುಳುಗಿದ ಎಂಬ ಹಳೆಯ ಉದಾಹರಣೆ ನಾವೆಲ್ಲ ಓದಿದ್ದೇ. ದನ ಕಾಯುವವನಿಗೆ ಅದು ದನಗಳನ್ನು ಮನೆಗೆ ಹೊಡೆಯುವ ಹೊತ್ತು. ಸಂಧ್ಯಾವಂದನೆ ಮಾಡುವವನಿಗೆ ಬೇರೆ. ಆದರೆ ಯಾರು ಕೇಳಿದರೂ ಸೂರ್ಯ ಹುಟ್ಟಿದ ಎಂದು ಅರ್ಥವಾಗುವುದಿಲ್ಲ. ವಾಚ್ಯ ಮೊದಲ ಕಲಮು; ಐತವಾರದ ಸಂಜೆ ಚಹದ ಮುಂದೆ ಅಪ್ಪ ಹಾಡಿದಾಗ ಹೊಮ್ಮಿದ ಧ್ವನಿ ಮೂರನೆಯದು. ಪಡಸಾಲೆಯಲ್ಲಿ ಕುಳಿತ ತಮ್ಮನಿಗೆ ಒಂದು ಕೇಳಿಸಿತು, ಅಡುಗೆ ಮನೆಯಲ್ಲಿದ್ದ ಅಕ್ಕನಿಗೆ ಇನ್ನೊಂದು. ಎರಡನೆಯ ಕಲಮನ್ನೂ ಬೇಂದ್ರೆಯವರ ವಿಷಯದಲ್ಲಿ ಎಚ್ಚರದಿಂದ ಬಳಸಬೇಕು. ಬರೆಯುವ ಅಂಬಿಕಾತನಯದತ್ತ ಬೇರೆ, ಮನೆಯಲ್ಲಿರುವ ಬೇಂದ್ರೆ ಬೇರೆ ಎಂದು ಅವರೇ ಎಣಿಸುತ್ತಿದ್ದರು. ಕವಿಯ ಬದುಕಿನ ಸಂಗತಿ ಕವಿತೆಯ ಸಾಲುಗಳನ್ನು ಹೆಚ್ಚು ಹತ್ತಿರದಿಂದ ನೋಡಲು ಸಹಾಯ ಮಾಡುತ್ತದೆ. ಸಾಲುಗಳನ್ನು ನೋಡುವ ಶ್ರಮವನ್ನು ಅದು ಉಳಿಸಬಾರದು. ಎರಡನೆಯ ವಿಭಾಗದಲ್ಲಿ ಕವಿಪರಿಚಯಕ್ಕೆ ಸ್ಥಳ ಸಿಕ್ಕಿದ್ದು ಮಕ್ಕಳು ಗೆರೆ ಎಳೆದು ಮುಗಿಸಿದ ಮೇಲೆ, ಎರಡೇ ವಾಕ್ಯಗಳಲ್ಲಿ. ಆಗ ಅದನ್ನು ಅವರು ತಮ್ಮ ಗೆರೆಗಳ ಜೊತೆಗೆ ಹೊಂದಿಸಿ ನೋಡಿದರು.

ಇನ್ನು ಲೆಡ್ಜರ್. ಇರುವುದನ್ನು ಆಧಾರವಾಗಿ ತೋರಿಸುವುದು ಸುಲಭ. ಇಲ್ಲದ್ದನ್ನು ಆಧಾರವೆಂದು ತೋರಿಸುವುದು ಕಷ್ಟ. ಬಿಟ್ಟುಹೋದ ಭಾಗಕ್ಕೆ ಅಕ್ಕ ಒಂದು ಕಾರಣ ಕೊಡುತ್ತಾಳೆ, ತಮ್ಮ ಇನ್ನೊಂದು ಕೊಡುತ್ತಾನೆ. ಎರಡೂ ನಂಬುವಂಥವೇ. ಇಲ್ಲಿ ಪ್ರಶಿಕ್ಷಣಾರ್ಥಿ “ನಿಮಗೆ ಯಾವುದು ಸರಿ ಅನ್ನಿಸುತ್ತೆ?” ಎಂದು ಕೇಳದೆ “ಇದನ್ನ ತಿಳಿಯೋಕೆ ಇನ್ನೇನು ಗೊತ್ತಾಗಬೇಕು?” ಎಂದು ಕೇಳಿದರು. ತರಗತಿ ಸುಮಾರು ಅರ್ಧ ನಿಮಿಷ ಸುಮ್ಮನಿತ್ತು. ಅಭ್ಯಾಸ ಬೋಧನೆಯಲ್ಲಿ ಅರ್ಧ ನಿಮಿಷದ ಮೌನ ಬಹಳ ದೀರ್ಘವಾಗಿ ಕಾಣುತ್ತದೆ, ಆದರೂ ಅವರು ಅದನ್ನು ಮಾತಿನಿಂದ ತುಂಬಲಿಲ್ಲ. ಆಮೇಲೆ ಕಿಟಕಿಯ ಪಕ್ಕದಿಂದ ಒಂದು ದನಿ ಬಂತು: “ಮಿಸ್, ಲೆಡ್ಜರ್‌ನಲ್ಲಿ ಬೇರೆ ಹಾಡುಗಳನ್ನ ಪೂರ್ತಿ ಬರ್ದಿದ್ರಾ?”

ಸಂಶೋಧನೆ ಮಾಡುವವರು ಕೇಳಬೇಕಾದ ಪ್ರಶ್ನೆ ಅದು. ಬೇರೆ ಹಾಡುಗಳೂ ಅರ್ಧಕ್ಕೇ ನಿಂತಿದ್ದರೆ ತಮ್ಮನ ಮಾತಿಗೆ ಬಲ ಬರುತ್ತದೆ. ಬೇರೆಲ್ಲ ಪೂರ್ತಿ ಇದ್ದು ಇದೊಂದೇ ನಿಂತಿದ್ದರೆ ಅಕ್ಕನ ಮಾತಿಗೆ ಬಲ ಬರುತ್ತದೆ, ಆದರೂ ಅದು ಸಾಬೀತಾಗುವುದಿಲ್ಲ. ಇನ್ನೊಬ್ಬಳು “ಹಾಳೆ ತುಂಬಿತ್ತಾ, ಕೆಳಗೆ ಜಾಗ ಇತ್ತಾ?” ಎಂದಳು. ಮತ್ತೊಬ್ಬ “ಹಾಡೋವಾಗ ಕೊನೇ ಭಾಗ ಹಾಡ್ತಿದ್ರಾ ಅಂತ ಅವ್ವನ್ನೇ ಕೇಳ್ಬೇಕು” ಎಂದ. ಕಥೆಯಲ್ಲಿ ಇವಕ್ಕೆ ಉತ್ತರವಿಲ್ಲ. ಆದರೆ ಮೂರನೆಯ ಹುಡುಗನ ಮಾತಿನಿಂದ ತರಗತಿ ತಾಯಿಯ ಕಡೆಗೆ ತಿರುಗಿತು. ಗೊತ್ತಿದ್ದವಳು ಅವಳೊಬ್ಬಳೇ, ಅವಳನ್ನು ಇಬ್ಬರೂ ಕೇಳಲೇ ಇಲ್ಲ. ತಮ್ಮನಿಗೆ ಅವಳ ನಾಚಿಕೆ ಸಾಕ್ಷಿಯಾಗಿತ್ತು, ಅಕ್ಕನಿಗೆ ಅವಳ ಕಣ್ಣೀರು. ಒಳಗೆ ಅವಳೇ ಇದ್ದಳು.

ಬರವಣಿಗೆಯ ಪ್ರಶ್ನೆ ಹೀಗಿತ್ತು: ‘ಹಾಡಿಸುವುದಾದರೆ ಪೂರ್ತಿ ಹಾಡಿಸಿ ಎಂದು ತಾಯಿ ಹೇಳುತ್ತಾಳೆ. ಇದರಿಂದ ಅವಳು ಯಾರ ಪರ ಎಂದು ತಿಳಿಯುತ್ತದೆಯೇ? ಕಥೆ ಮತ್ತು ಕವಿತೆಯ ಆಧಾರದಿಂದ ಐದಾರು ವಾಕ್ಯಗಳಲ್ಲಿ ಬರೆಯಿರಿ.’ ನಾಲ್ಕು ಅಂಕ. ಯಾರ ಪರ ಎಂದು ಬರೆದರು ಎಂಬುದಕ್ಕೆ ಅಂಕವಿಲ್ಲ. ಕಥೆಯಿಂದ ಒಂದು ಆಧಾರಕ್ಕೆ ಒಂದು ಅಂಕ, ಕವಿತೆಯಿಂದ ಒಂದು ಆಧಾರಕ್ಕೆ ಒಂದು, ಆಧಾರದಿಂದ ಉತ್ತರಕ್ಕೆ ಬಂದ ದಾರಿ ಸ್ಪಷ್ಟವಾಗಿದ್ದರೆ ಒಂದು, ತನ್ನ ಉತ್ತರಕ್ಕೆ ಎದುರಾಗಬಹುದಾದ ಒಂದು ಸಂಗತಿಯನ್ನು ಗಮನಿಸಿದ್ದರೆ ಒಂದು. ಈ ನಾಲ್ಕನೆಯ ಅಂಕ ಹೆಚ್ಚಿನ ಮಕ್ಕಳಿಗೆ ಸಿಗಲಿಲ್ಲ. ಆರಂಭದಲ್ಲಿ ಅದು ಹಾಗೆಯೇ ಇರುತ್ತದೆ; ಎರಡು ಮೂರು ಪಾಠಗಳ ನಂತರವೂ ಹಾಗೆಯೇ ಇದ್ದರೆ ಪ್ರಶ್ನೆಯನ್ನು ಬೇರೆಯಾಗಿ, ‘ನಿಮ್ಮ ಉತ್ತರವನ್ನು ಒಪ್ಪದವರು ಏನು ಹೇಳಬಹುದು?’ ಎಂದು ಕೇಳಬೇಕಾಗುತ್ತದೆ.

ಎರಡು ಉತ್ತರಗಳನ್ನು ಹೋಲಿಸಿದರೆ ಈ ಅಳತೆಗೋಲು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯುತ್ತದೆ. ಒಬ್ಬ ಹುಡುಗ ಬರೆದದ್ದು: ತಾಯಿ ಅಕ್ಕನ ಪರ, ಯಾಕೆಂದರೆ ಬೇಂದ್ರೆಯವರು ಮಗು ತೀರಿಕೊಂಡಾಗ ಬರೆದ ಕವಿತೆ ಇದು, ತಾಯಿಗೂ ಮಗು ತೀರಿಕೊಂಡಿತ್ತು. ಓದಲು ಸರಿಯಾಗಿಯೇ ಇದೆ. ಆದರೆ ತಾಯಿಯ ಆ ಒಂದು ಮಾತನ್ನು ಅವನು ಮುಟ್ಟಿಯೇ ಇಲ್ಲ; ಎರಡನೆಯ ಕಲಮಿನಿಂದ ಮೂರನೆಯದಕ್ಕೆ ಜಿಗಿದಿದ್ದಾನೆ. ಅವನಿಗೆ ಸಿಕ್ಕಿದ್ದು ಒಂದು ಅಂಕ. ಒಬ್ಬ ಹುಡುಗಿ ಬರೆದದ್ದು: ತಾಯಿ ‘ಹಾಡಿಸಿ’ ಎಂದಳು, ಆದ್ದರಿಂದ ಬೇಡ ಎಂದ ಅಕ್ಕನ ಪರ ಅಲ್ಲ. ‘ಪೂರ್ತಿ’ ಎಂದಳು, ಆದ್ದರಿಂದ ಕೊನೆಯ ಭಾಗ ಮುಖ್ಯವಲ್ಲ ಎಂದ ತಮ್ಮನ ಪರವೂ ಅಲ್ಲ. ಕೊನೆಯ ಭಾಗದಲ್ಲಿ ಗಂಡ ಹೆಂಡತಿಗೆ ಅತ್ತುಬಿಡು ಎನ್ನುತ್ತಾನೆ. ಅಪ್ಪ ಅದನ್ನು ಬರೆಯಲಿಲ್ಲ, ಹಾಡಿದನೋ ಇಲ್ಲವೋ ಗೊತ್ತಿಲ್ಲ. ತಾಯಿಗೆ ಅದನ್ನು ಈಗಲಾದರೂ ಕೇಳಬೇಕು ಅನ್ನಿಸಿರಬಹುದು. ಆದರೆ ಅರ್ಧ ಹಾಡಿದರೆ ಚೆನ್ನಾಗಿರುವುದಿಲ್ಲ ಎಂದಷ್ಟೇ ಹೇಳಿರಲೂಬಹುದು. ಆ ಕೊನೆಯ ವಾಕ್ಯಕ್ಕೇ ನಾಲ್ಕನೆಯ ಅಂಕ.

ಒಂದು ಎಚ್ಚರಿಕೆಯನ್ನು ಮುಂದೆ ಈ ಕಥೆಯನ್ನು ಬಳಸುವವರಿಗಾಗಿ ಹೇಳಬೇಕು. ಪಾಠಯೋಜನೆಯ ಮೊದಲ ಕರಡಿನಲ್ಲಿ ಮನೆಗೆಲಸ ‘ನಿಮ್ಮ ತಂದೆಗೆ ಇಷ್ಟವಾದ ಹಾಡಿನ ಬಗ್ಗೆ ಬರೆಯಿರಿ’ ಎಂದಿತ್ತು. ಶಾಲೆಯ ಮಾರ್ಗದರ್ಶಕ ಶಿಕ್ಷಕರು ಹಾಜರಿ ಪುಸ್ತಕವನ್ನು ತೆರೆದು ಮೂರು ಹೆಸರುಗಳ ಮೇಲೆ ಸುಮ್ಮನೆ ಬೆರಳಿಟ್ಟು ತೋರಿಸಿದರು. ಆ ಮೂವರಿಗೂ ತಂದೆ ಇರಲಿಲ್ಲ. ಮನೆಗೆಲಸ ‘ನಿಮಗೆ ಗೊತ್ತಿರುವ ಹಿರಿಯರೊಬ್ಬರಿಗೆ ಇಷ್ಟವಾದ ಹಾಡು’ ಎಂದು ಬದಲಾಯಿತು. ಕೂಸಿನ ಸಾವಿನ ಭಾಗವನ್ನು ಯಾವ ಮಗುವಿನಿಂದಲೂ ಗಟ್ಟಿಯಾಗಿ ಓದಿಸದೆ ಶಿಕ್ಷಕಿಯೇ ಓದುವುದು ಎಂದೂ, ‘ನಿಮ್ಮ ಮನೆಯಲ್ಲಿ ಹೀಗೆ ಆಗಿದೆಯೇ?’ ಎಂಬ ಪ್ರಶ್ನೆ ಕೇಳುವುದಿಲ್ಲ ಎಂದೂ ಬರೆದುಕೊಂಡೆವು. ಮಗು ತಾನಾಗಿ ಹೇಳಿದರೆ ಕೇಳಿಸಿಕೊಳ್ಳಬೇಕು, ಹೇಳಿಸಬಾರದು. ಅಕ್ಕ ಆ ವಿಷಯವನ್ನು ಜಗಳದ ನಡುವೆ ವಾದಕ್ಕೆ ಸಾಕ್ಷಿಯಾಗಿ ಎಸೆದಾಗ ತಮ್ಮನಿಗೆ ಏನಾಯಿತು ಎಂಬುದು ಕಥೆಯಲ್ಲೇ ಇದೆ.

ಮನೆಗೆಲಸದ ಹಾಳೆಗಳು ಮರುವಾರ ಬಂದವು. ಅಜ್ಜಿಯ ಬೀಸುವ ಪದ, ಮಾವನ ಮೊಬೈಲಿನ ಸಿನಿಮಾ ಹಾಡು, ಪಕ್ಕದ ಮನೆಯ ತಾತನ ತತ್ತ್ವಪದ. ಹಾಡು ಏನು ಹೇಳುತ್ತದೆ, ಅವರಿಗೆ ಅದು ಯಾಕೆ ಇಷ್ಟ ಎಂದು ಎರಡು ಕಲಮುಗಳಲ್ಲಿ ಬರೆಯಲು ಹೇಳಿತ್ತು. ಹೆಚ್ಚಿನ ಹಾಳೆಗಳಲ್ಲಿ ಮೊದಲ ಕಲಮು ತುಂಬಿತ್ತು. ಎರಡನೆಯದರಲ್ಲಿ ನಾಲ್ಕೈದು ಮಕ್ಕಳು ‘ಕೇಳಿಲ್ಲ, ಕೇಳಿ ಬರೆಯುತ್ತೇನೆ’ ಎಂದು ಬರೆದು ಜಾಗ ಬಿಟ್ಟಿದ್ದರು. ಪ್ರಶಿಕ್ಷಣಾರ್ಥಿ ಆ ಹಾಳೆಗಳನ್ನು ಅಂಕ ಹಾಕದೆ ಹಿಂದಕ್ಕೆ ಕೊಟ್ಟು, ಇನ್ನೊಂದು ವಾರ ಸಮಯ ಕೊಟ್ಟರು.